ಶಿಫ್ಟ್, ಮೋಡ್, ಮೂರು, ಈಕ್ವಲ್

ನಾನು ಎಸ್ಸೆಸ್ಸೆಲ್ಸಿ ಓದಿದವನು. ಆದರೂ ಇಪ್ಪತ್ತೆರಡು ವರ್ಷ ಇಂಜಿನಿಯರ್ ಆಗಲಿರುವವರ ಯಂತ್ರಗಳನ್ನು ಕೈಯಲ್ಲಿ ಹಿಡಿದು, ಇದು ಒಳಗೆ ಹೋಗಬಹುದು, ಇದು ಹೋಗಬಾರದು ಎಂದು ತೀರ್ಪು ಕೊಟ್ಟಿದ್ದೇನೆ. ಸೇಡಂ ಹತ್ತಿರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಅಟೆಂಡರ್ ಆಗಿದ್ದೆ. ಪರೀಕ್ಷೆಯ ದಿನಗಳಲ್ಲಿ ಹಾಲ್‌ನ ಬಾಗಿಲಲ್ಲಿ ಕ್ಯಾಲ್ಕ್ಯುಲೇಟರ್ ನೋಡುವುದು ನನ್ನ ಕೆಲಸವಾಗಿತ್ತು. ಆ ಬಾಗಿಲಲ್ಲಿ ನಾನು ಮಾಡಿದ ಒಂದು ತಪ್ಪನ್ನು ಮತ್ತು ಆ ತಪ್ಪಿಗಿಂತ ದೊಡ್ಡದಾದ ಇನ್ನೊಂದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿವೃತ್ತನಾಗಿದ್ದೇನೆ, ಯಾರೂ ಕೇಳಿಲ್ಲ. ಕೇಳದಿದ್ದರೂ ಹೇಳಬೇಕಾದ ಮಾತು ಇದು.

ಕೆಲಸ ಹೇಗಿತ್ತೆಂದು ಮೊದಲು ಹೇಳುತ್ತೇನೆ. ಬಾಗಿಲ ಪಕ್ಕದ ಗೋಡೆಗೆ ವಿಶ್ವವಿದ್ಯಾಲಯದ ಸುತ್ತೋಲೆ ಅಂಟಿಸಿರುತ್ತಿದ್ದೆವು. ಅದರಲ್ಲಿ ಯಾವ ಮಾದರಿಗಳು ನಡೆಯುತ್ತವೆ ಎಂಬ ಪಟ್ಟಿ: 82 ಎಂಎಸ್, 100 ಎಂಎಸ್, 991 ಎಂಎಸ್. ಕೆಲವು ವರ್ಷಗಳ ಹಿಂದೆ ಅದರ ಕೆಳಗೆ 991 ಇಎಸ್, 991 ಇಎಸ್ ಪ್ಲಸ್ ಸೇರಿದವು. ಪ್ರೋಗ್ರಾಂ ಬರೆದಿಡಬಹುದಾದವು, ಗ್ರಾಫ್ ಬಿಡಿಸುವಂಥವು ನಡೆಯುವುದಿಲ್ಲ. ಪರದೆಯ ಮೇಲೆ ಕ್ಯೂಆರ್ ಚಿತ್ರ ಮೂಡಿಸುವ ಹೊಸ ಮಾದರಿಯೊಂದಿದೆ. ಬೇರೆ ಕೆಲವು ಪರೀಕ್ಷೆಗಳಲ್ಲಿ ಅದಕ್ಕೆ ಅವಕಾಶ ಇದೆಯಂತೆ, ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಮಾದರಿಯ ಸಂಖ್ಯೆ ಯಂತ್ರದ ಹಣೆಯ ಮೇಲೆ, ಪರದೆಯ ಹತ್ತಿರವೇ ಅಚ್ಚಾಗಿರುತ್ತದೆ. ಅದನ್ನು ಓದಬೇಕು. ಆಮೇಲೆ ಜಾರಿಸಿ ಹಾಕುವ ಗಟ್ಟಿ ಮುಚ್ಚಳವನ್ನು ತಿರುಗಿಸಿ, ಒಳಗಡೆ ಪೆನ್ಸಿಲ್‌ನಲ್ಲಿ ಸೂತ್ರ ಬರೆದಿದ್ದಾರೆಯೇ ನೋಡಬೇಕು. ಕೊನೆಗೆ ಯಂತ್ರದ ನೆನಪು, ಅಂದರೆ ಅದರೊಳಗೆ ಇಟ್ಟ ಸಂಖ್ಯೆಗಳನ್ನು, ಅಳಿಸಬೇಕು.

ನೆನಪು ಅಳಿಸುವುದನ್ನು ನನಗೆ ಕಲಿಸಿದವರು ಆಗಿನ ಒಬ್ಬ ಗಣಿತದ ಮೇಷ್ಟ್ರು. ಆಗ ಎಲ್ಲರ ಕೈಯಲ್ಲೂ ಎಂಎಸ್ ಇತ್ತು. ಶಿಫ್ಟ್ ಒತ್ತು, ಮೋಡ್ ಒತ್ತು, ಮೂರು ಒತ್ತು, ಈಕ್ವಲ್ ಒತ್ತು. ಪರದೆಯ ಮೇಲೆ ‘ರಿಸೆಟ್ ಆಲ್’ ಎಂದು ಬರುತ್ತದೆ. ಎಸಿ ಒತ್ತಿ ವಾಪಸ್ ಕೊಡು. ನಾಲ್ಕು ಗುಂಡಿ. ನಾನು ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದೆ. ಮೊದಮೊದಲು ಗುಂಡಿ ಹುಡುಕುತ್ತಿದ್ದೆ. ಎರಡು ವರ್ಷವಾಗುವಷ್ಟರಲ್ಲಿ ಹುಡುಗನ ಹಾಲ್ ಟಿಕೆಟ್ ನೋಡುತ್ತಲೇ ಎಡಗೈ ಹೆಬ್ಬೆರಳು ನಾಲ್ಕೂ ಗುಂಡಿ ಒತ್ತಿ ಮುಗಿಸುತ್ತಿತ್ತು. ನನ್ನ ಸಾಲು ಎಂದೂ ನಿಲ್ಲುತ್ತಿರಲಿಲ್ಲ. ಬೇರೆ ಕೇಂದ್ರಗಳಿಂದ ಬಂದ ಮೇಲ್ವಿಚಾರಕರು ನಿಂತು ನೋಡುತ್ತಿದ್ದರು. ವಾಡಿಯ ಕಡೆಯಿಂದ ಬಂದ ಒಬ್ಬರು, “ಕಾಕಾ, ನಿಮ್ಮ ಬೆರಳಿಗೆ ಕಣ್ಣ ಅವ ಏನ್ರಿ?” ಅಂದದ್ದು ನನಗೆ ಇವತ್ತಿಗೂ ನೆನಪಿದೆ. ಮನೆಯಲ್ಲಿ ಅದನ್ನು ಎಷ್ಟು ಸಲ ಹೇಳಿದೆನೋ.

ನನ್ನ ಹೆಂಡತಿ ಅನ್ನುತ್ತಿದ್ದಳು: “ಬೆರಳಿಗೆ ಕಣ್ಣ ಇರೋ ಮನಷ್ಯಾ ಮನ್ಯಾಗ ಉಪ್ಪಿನ ಡಬ್ಬಿ ಹುಡುಕಲಿಕ್ಕ ನನ್ನ ಕರೀತಾನ.”

ಇಎಸ್ ಬಂದಾಗ ನನಗೆ ಯಾರೂ ಬೇರೆಯಾಗಿ ಹೇಳಿಕೊಡಲಿಲ್ಲ. ಸುತ್ತೋಲೆಯಲ್ಲಿ ಮಾದರಿಯ ಹೆಸರಿತ್ತು, ‘ನೆನಪು ಅಳಿಸಿರುವುದನ್ನು ಖಚಿತಪಡಿಸಿಕೊಳ್ಳಬೇಕು’ ಎಂದಿತ್ತು, ಯಾವ ಗುಂಡಿ ಎಂದು ಇರಲಿಲ್ಲ. ನಾನು ಅದೇ ನಾಲ್ಕು ಗುಂಡಿ ಒತ್ತಿದೆ. ಶಿಫ್ಟ್, ಮೋಡ್ ಒತ್ತಿದಾಗ ಪರದೆ ತುಂಬ ಏನೋ ಪಟ್ಟಿ ಬರುತ್ತಿತ್ತು, ಮೂರು ಒತ್ತಿದಾಗ ಹೋಗುತ್ತಿತ್ತು. ‘ರಿಸೆಟ್ ಆಲ್’ ಎಂಬ ಮಾತು ಬರುತ್ತಿರಲಿಲ್ಲ.

ಅದು ಬರುತ್ತಿರಲಿಲ್ಲ ಎಂಬುದನ್ನು ನಾನು ಗಮನಿಸಿದ್ದೆ. ಇದನ್ನು ಸ್ಪಷ್ಟವಾಗಿ ಬರೆಯಬೇಕು. ಮೊದಲ ದಿನವೇ ಗಮನಿಸಿದ್ದೆ. ಹೊಸ ಯಂತ್ರ, ಹೇಳದೆಯೇ ಅಳಿಸುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪಕ್ಕದ ಕೋಣೆಯಲ್ಲಿ ಹತ್ತು ಮಂದಿ ಮೇಷ್ಟ್ರು ಕೂತಿದ್ದರು. ಒಬ್ಬರನ್ನು ಕೇಳಿದ್ದರೆ ಅರ್ಧ ನಿಮಿಷದ ಮಾತು. ಆದರೆ ‘ಬೆರಳಿಗೆ ಕಣ್ಣಿರುವವನು’ ಕೇಳುವುದು ಹೇಗೆ? ಕೇಳಲಿಲ್ಲ. ಹಾಗೆ ನಾಲ್ಕು ವರ್ಷ ಕಳೆದವು.

ಹುಡುಗರು ಒಂದು ಮಾತು ಆಡಿಕೊಳ್ಳುತ್ತಿದ್ದರು. ನನ್ನ ಕೈಗೆ ಕೊಟ್ಟ ಯಂತ್ರ ಕೋನಗಳನ್ನು ರೇಡಿಯನ್‌ನಲ್ಲಿ ಲೆಕ್ಕ ಹಾಕುವುದು ಬಿಟ್ಟು ಡಿಗ್ರಿಯಲ್ಲಿ ಹಾಕತೊಡಗುತ್ತಿತ್ತು. ಎಲೆಕ್ಟ್ರಿಕಲ್ ವಿಭಾಗದವರಿಗೆ ರೇಡಿಯನ್ ಬೇಕು. “ನಮ್ಮ ಕಾಲೇಜಿನ್ಯಾಗ ಡಿಗ್ರಿ ಸಿಗಲಿಕ್ಕ ನಾಕ ವರ್ಷ ಯಾಕ ಬೇಕೋ, ಬಾಗಲದಾಗ ಕಾಕಾ ಕೊಡ್ತಾನ” ಎಂದು ಒಬ್ಬ ಅಂದರೆ ಸಾಲೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ. ನೆನಪು ಅಳಿಸಿದರೆ ಹಾಗಾಗುವುದು ಸಹಜ ಎಂದುಕೊಂಡಿದ್ದೆ. ಎಂಎಸ್‌ನಲ್ಲೂ ಎಲ್ಲ ಅಳಿಸಿದರೆ ಡಿಗ್ರಿಗೇ ಬರುತ್ತದಲ್ಲ. ಆ ನಗುವಿನಲ್ಲೇ ನನಗೆ ಸುಳಿವು ಇತ್ತು.

ಆ ವರ್ಷದ ಚಳಿಗಾಲದ ಪರೀಕ್ಷೆ. ನನಗೆ ನಿವೃತ್ತಿಗೆ ಏಳು ತಿಂಗಳು ಉಳಿದಿತ್ತು. ಎಲೆಕ್ಟ್ರಿಕಲ್ ಐದನೇ ಸೆಮಿಸ್ಟರ್‌ನ ಮೂರನೇ ಪೇಪರ್. ಪರೀಕ್ಷೆ ಶುರುವಾಗಿ ಹದಿನೈದು ನಿಮಿಷವಾಗಿತ್ತು. ವಿಶ್ವವಿದ್ಯಾಲಯದ ಜಾಗೃತ ದಳ ಜೀಪಿನಿಂದ ಇಳಿಯಿತು. ದಳದ ಮುಖ್ಯಸ್ಥೆ ಬೇರೆ ಕಾಲೇಜಿನ ಹಿರಿಯ ಪ್ರೊಫೆಸರ್, ಕಡಿಮೆ ಮಾತಿನ ಹೆಂಗಸು. ಎಲ್ಲರೂ ಅವರನ್ನು ಮೇಡಂ ಎಂದೇ ಕರೆಯುತ್ತಿದ್ದರು. ನಾನು ಅವರ ಹಿಂದೆಯೇ ಒಳಗೆ ಹೋದೆ. ಚೀಟಿ ಹುಡುಕುವುದು, ಅಂಗೈ ನೋಡುವುದು ಏನೂ ಮಾಡಲಿಲ್ಲ. ಮೂರನೇ ಸಾಲಿನಲ್ಲಿ ಒಬ್ಬ ಹುಡುಗಿಯ ಹತ್ತಿರ ನಿಂತು ಅವಳ 991 ಇಎಸ್ ಪ್ಲಸ್ ತೆಗೆದುಕೊಂಡು, ಒಳಗಿಟ್ಟ ಸಂಖ್ಯೆಯನ್ನು ತೋರಿಸುವ ಆರ್‌ಸಿಎಲ್ ಒತ್ತಿ, ‘ಎ’ ಇರುವ ಗುಂಡಿ ಒತ್ತಿದರು. ಪರದೆಯ ಮೇಲೆ 314.1592654. ‘ಬಿ’ ಒತ್ತಿದರು, ಇನ್ನೊಂದು ಸಂಖ್ಯೆ. ‘ಎಫ್’ ತನಕ ಆರು ಸಂಖ್ಯೆ.

“ಬರೆದದ್ದು ಒಂದೇ ಪುಟ. ಈ ಆರು ನಂಬರ್ ಈ ಪುಟದಲ್ಲಿಲ್ಲ. ಎಲ್ಲಿಂದ ಬಂದವು?”

“ನಿನ್ನೆ ಓದುವಾಗ ಇಟ್ಟಿದ್ದು ಮೇಡಂ. ಬಾಗಲದಾಗ ಕ್ಲಿಯರ್ ಮಾಡಿಸಿಕೊಂಡೇ ಒಳಗ ಬಂದೀನ್ರಿ. ಹೋಗ್ಯಾವ ಅಂತ ತಿಳದಿದ್ದೆ.”

ಆ ಹುಡುಗಿ ಕುಂಚಾವರಂ ಕಡೆಯ ಒಂದು ಸಣ್ಣ ಊರಿನವಳು. ಮನೆಮಾತು ತೆಲುಗು. ಹಾಸ್ಟೆಲಿನಲ್ಲಿದ್ದು ಇಲ್ಲಿಯ ಮಾತು ಕಲಿತಿದ್ದಳು. ಸಾಲಿನಲ್ಲಿ ನಿಂತಾಗಲೂ ಪುಸ್ತಕ ಮಡಚುತ್ತಿರಲಿಲ್ಲ. ನನ್ನನ್ನು ಕಂಡರೆ “ಬೇಗ ಒತ್ರಿ ಕಾಕಾ” ಅನ್ನುವಳು. ಅಂದು ಅವಳು ಅಳಲಿಲ್ಲ. ಉತ್ತರ ಪತ್ರಿಕೆಯ ಮೊದಲ ಪುಟ ತೋರಿಸಿ, “ನೋಡ್ರಿ ಮೇಡಂ, ಇಲ್ಲಿ ಸೈನ್ ಬೆಲೆ ಒಂದು ಬರಬೇಕಿತ್ತು, 0.0274 ಬಂತು. ಯಂತ್ರ ಡಿಗ್ರಿಗೆ ಹೋಗಿತ್ತು. ಹೊಡದು ಹಾಕಿ, ರೇಡಿಯನ್‌ಗೆ ಹಚ್ಚಿ ಮತ್ತ ಮಾಡೀನಿ” ಎಂದಳು. ಅದನ್ನು ಆಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಯಂತ್ರವನ್ನೂ ಉತ್ತರ ಪತ್ರಿಕೆಯನ್ನೂ ಲಕೋಟೆಗೆ ಹಾಕಿ ಮುದ್ರೆ ಒತ್ತಿದರು. ಅವಳಿಗೆ ಹೊಸ ಉತ್ತರ ಪತ್ರಿಕೆ ಕೊಟ್ಟರು. ಬೇರೆ ವಿಭಾಗದ ಹುಡುಗಿಯ ಯಂತ್ರ ತರಿಸಿಕೊಟ್ಟರು. ನಕಲು ಪ್ರಕರಣ ಸಾಬೀತಾದರೆ ಆ ಒಂದು ಪೇಪರ್ ಮಾತ್ರ ಅಲ್ಲ, ಆ ಸೆಮಿಸ್ಟರ್‌ನ ಎಲ್ಲ ಪೇಪರ್‌ಗಳೂ ಹೋಗುತ್ತವೆ.

ಪ್ರಿನ್ಸಿಪಾಲರು ನನ್ನನ್ನು ಕರೆದರು. “ನೀವ್ ಕ್ಲಿಯರ್ ಮಾಡಿದ್ರಿಲ್ಲೋ?”

“ಎಲ್ಲಾರದೂ ಮಾಡೀನ್ರಿ ಸರ್. ನನ್ನ ಕೈಲೇ.”

“ನನಗ ಗೊತ್ತದ. ಹಾಳ್ಯಾಗ ಬರದ ಕೊಡ್ರಿ, ಸಂಜೀಕ ಟೈಪ್ ಮಾಡಿಸ್ತೀನಿ, ನಾಳಿ ಸಹಿ ಮಾಡ್ರಿ.”

ಬರೆದುಕೊಟ್ಟೆ. ಬರೆಯುವಾಗ ಅದು ನನ್ನ ಮಟ್ಟಿಗೆ ಸತ್ಯ. ಅಳಿಸಿದ್ದೇನೆ, ಅವಳೇ ಒಳಗೆ ಹೋಗಿ ಮತ್ತೆ ತುಂಬಿಕೊಂಡಿದ್ದಾಳೆ ಎಂದೇ ನಂಬಿದ್ದೆ.

ಅದೇ ದಿನ ಸಂಜೆ ಐದಕ್ಕೆ ಪರೀಕ್ಷಾ ವಿಭಾಗದಲ್ಲಿ ಒಬ್ಬನೇ ಇದ್ದೆ. ಹುಡುಗರು ಮರೆತು ಹೋದ ವಸ್ತುಗಳ ರಟ್ಟಿನ ಪೆಟ್ಟಿಗೆಯಲ್ಲಿ ಒಂದು 991 ಇಎಸ್ ಪ್ಲಸ್ ಇತ್ತು. ಬೆಳಿಗ್ಗೆ ಮೇಡಂ ಒತ್ತಿದ್ದನ್ನು ನೋಡಿದ್ದೆನಲ್ಲ, ಹಾಗೆಯೇ ಆರ್‌ಸಿಎಲ್ ಮತ್ತು ‘ಎ’ ಒತ್ತಿದೆ. ಯಾರದೋ ಹಳೆಯ ಸಂಖ್ಯೆ, 12.5, ಕಾಣಿಸಿತು. ಎಸಿ ಒತ್ತಿ, ನನ್ನ ನಾಲ್ಕು ಗುಂಡಿ ಒತ್ತಿದೆ. ಮತ್ತೆ ಆರ್‌ಸಿಎಲ್, ‘ಎ’. 12.5 ಅಲ್ಲೇ ಇತ್ತು.

ಇನ್ನೊಮ್ಮೆ ಮಾಡಿದೆ. ಅಲ್ಲೇ ಇತ್ತು.

ಕನ್ನಡಕ ಹಾಕಿಕೊಂಡು ಕಿಟಕಿಯ ಹತ್ತಿರ ಹೋದೆ. ಶಿಫ್ಟ್, ಮೋಡ್ ಒತ್ತಿ ಈ ಸಲ ಬೆರಳು ನಿಲ್ಲಿಸಿ ಪರದೆಯನ್ನು ಓದಿದೆ. ಎಂಟು ಆಯ್ಕೆಗಳ ಪಟ್ಟಿ. ಮೂರನೆಯದರ ಮುಂದೆ ಇಂಗ್ಲಿಷಿನಲ್ಲಿ ‘ಡೆಗ್’. ಅಂದರೆ ಡಿಗ್ರಿ. ನಾಲ್ಕು ವರ್ಷ ನಾನು ಯಾರ ನೆನಪನ್ನೂ ಅಳಿಸಿರಲಿಲ್ಲ. ಎಲ್ಲರ ಯಂತ್ರವನ್ನೂ ಡಿಗ್ರಿಗೆ ತಿರುಗಿಸಿ ಒಳಗೆ ಕಳಿಸಿದ್ದೆ, ಅಷ್ಟೇ. ಗುಂಡಿಗಳ ಮೇಲಿನ ಹಳದಿ ಅಕ್ಷರ ನೋಡಿದೆ. ಎಂಎಸ್‌ನಲ್ಲಿ ಮೋಡ್ ಗುಂಡಿಯ ಹತ್ತಿರ ‘ಸಿಎಲ್‌ಆರ್’ ಇರುತ್ತದೆ, ಅಳಿಸು ಎಂದು. ಇದರಲ್ಲಿ ಆ ಜಾಗದಲ್ಲಿ ‘ಸೆಟಪ್’ ಇತ್ತು. ‘ಸಿಎಲ್‌ಆರ್’ ಒಂಬತ್ತರ ಮೇಲೆ ಹೋಗಿ ಕೂತಿತ್ತು. ಶಿಫ್ಟ್, ಒಂಬತ್ತು ಒತ್ತಿದೆ. ಏನು ಅಳಿಸಬೇಕು ಎಂದು ಕೇಳಿತು. ಮೂರು, ಎಲ್ಲ. ಖಚಿತವೇ ಎಂದು ಕೇಳಿತು. ಈಕ್ವಲ್. ‘ರಿಸೆಟ್ ಆಲ್’ ಎಂದು ಬಂತು, ಎಸಿ ಒತ್ತು ಎಂದೂ ಬಂತು. ಆರ್‌ಸಿಎಲ್, ‘ಎ’: ಸೊನ್ನೆ.

ಹೊಸ ಯಂತ್ರ ಮಾತಾಡುತ್ತಿತ್ತು. ನಾನೇ ಅದಕ್ಕೆ ಬಾಯಿ ಬಿಡಲು ಅವಕಾಶ ಕೊಟ್ಟಿರಲಿಲ್ಲ.

ಇಲ್ಲಿಯವರೆಗಿನದು ತಪ್ಪು. ಇಲ್ಲಿಂದ ಮುಂದಿನದು ಪಾಪ.

ಮರುದಿನ ಬೆಳಿಗ್ಗೆ ಟೈಪಾದ ಹಾಳೆ ಬಂತು. ‘ಸದರಿ ವಿದ್ಯಾರ್ಥಿನಿಯ ಕ್ಯಾಲ್ಕ್ಯುಲೇಟರಿನ ನೆನಪನ್ನು ಪ್ರವೇಶದ್ವಾರದಲ್ಲಿ ನಾನೇ ಸಂಪೂರ್ಣವಾಗಿ ಅಳಿಸಿರುತ್ತೇನೆ.’ ಸುಳ್ಳೆಂದು ಗೊತ್ತಿತ್ತು. ಸಹಿ ಮಾಡಿದೆ.  ಇಪ್ಪತ್ತೆರಡು ವರ್ಷದ ಹೆಸರು ಏಳು ತಿಂಗಳು ಉಳಿದಿರುವಾಗ ಹೋಗುತ್ತದಲ್ಲ ಎಂಬುದೊಂದೇ ತಲೆಯಲ್ಲಿತ್ತು.

ಇನ್ನೂ ಕೆಟ್ಟದ್ದು ಮಾಡಿದೆ. ಅಂದಿನಿಂದ ಬಾಗಿಲಲ್ಲಿ ಇಎಸ್ ಬಂದರೆ ಸುಮ್ಮನೆ ಶಿಫ್ಟ್, ಒಂಬತ್ತು, ಮೂರು, ಈಕ್ವಲ್ ಒತ್ತತೊಡಗಿದೆ. ಯಾರಿಗೂ ಹೇಳದೆ ಸರಿಯಾದೆ. ಹಳೆಯ ತಪ್ಪಿನ ಗುರುತು ಉಳಿಯಬಾರದು ಎಂಬ ಲೆಕ್ಕಾಚಾರ. ಹುಡುಗರಿಗೆ ಗೊತ್ತಾಯಿತು. ಚಿತ್ತಾಪುರದ ಒಬ್ಬ ಹುಡುಗ ಕೇಳಿದ: “ಕಾಕಾ, ಮೊನ್ನೆ ತನಕ ಬರೇ ಡಿಗ್ರಿ ಮಾಡ್ತಿದ್ರಿ, ಈಗ ಉತ್ತರ ಎಲ್ಲಾ ಭಿನ್ನರಾಶಿನ್ಯಾಗ ಬರಾಕತ್ತಾವ. ಏನ್ ಮಾಡೀರಿ?”

ಎಲ್ಲ ಅಳಿಸಿದಾಗ ಇಎಸ್ ಉತ್ತರವನ್ನು ಭಿನ್ನರಾಶಿಯಲ್ಲಿ ತೋರಿಸತೊಡಗುತ್ತದೆ. “ಮುಂದ ನಡಿಯೋ, ಸಾಲ ನಿಂತದ” ಎಂದೆ.

ಆ ಹುಡುಗಿಯೂ ಸಾಲಿನಲ್ಲಿ ಬಂದಳು, ಎರವಲು ತಂದ ಇನ್ನೊಂದು ಇಎಸ್ ಹಿಡಿದು. ನನ್ನ ಹೆಬ್ಬೆರಳು ಒಂಬತ್ತರ ಮೇಲೆ ಹೋದದ್ದನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. “ಬೇಗ ಒತ್ರಿ” ಅನ್ನಲಿಲ್ಲ. ಯಂತ್ರ ಇಸಿದುಕೊಂಡು ಒಳಗೆ ಹೋದಳು. ಅವಳಿಗೆ ಗೊತ್ತಾಗಿದೆ ಎಂದು ನನಗೆ ಗೊತ್ತಾಯಿತು.

ಊಟ ಸೇರುತ್ತಿರಲಿಲ್ಲ. ಹೆಂಡತಿ ಕೇಳಿದಳು, “ಏನಾಗ್ಯದ್ರಿ?” ಎರಡು ದಿನ ಏನಿಲ್ಲ ಎಂದೆ. ಮೂರನೇ ದಿನ ರೊಟ್ಟಿ ಮುರಿಯುತ್ತ ಎಲ್ಲ ಹೇಳಿದೆ. ಅವಳು ಹಿಟ್ಟಿನ ಕೈ ಒರೆಸಿಕೊಂಡು ಕೊನೆಯ ತನಕ ಕೇಳಿಸಿಕೊಂಡಳು. ಬೈಯುತ್ತಾಳೆ ಎಂದುಕೊಂಡಿದ್ದೆ.

“ಆ ಹುಡಗೀಗಿ ಎಷ್ಟ ವಯಸ್ಸು?”

“ಇಪ್ಪತ್ತ ಇರಬೇಕ.”

“ನಿಮಗ?”

“ಅರವತ್ತಕ್ಕ ಬಂತು.”

“ಹಂಗಾದ್ರ ಯಾರ ಹೆಸರ ಹೆಚ್ಚ ದಿನ ಬಾಳಬೇಕು ಅನ್ನೋದ ನಿಮ್ಮ ಲೆಕ್ಕಕ್ಕೇ ಬಿಟ್ಟೀನಿ” ಎಂದು ಇನ್ನೊಂದು ರೊಟ್ಟಿ ತಟ್ಟತೊಡಗಿದಳು.

ಆದರೂ ನಾನಾಗಿ ಹೋಗಿ ಹೇಳಲಿಲ್ಲ. ದಿನ ತಳ್ಳಿದೆ.

ಪರೀಕ್ಷೆಯ ಕೊನೆಯ ದಿನ ಮಧ್ಯಾಹ್ನ ದಳದ ಮೇಡಂ ಮತ್ತೆ ಬಂದರು. ಕಡತವನ್ನು ವಿಶ್ವವಿದ್ಯಾಲಯಕ್ಕೆ ಕಳಿಸುವ ಮೊದಲು ಹುಡುಗಿಯ ವಿವರಣೆ ಕೇಳಿ ವರದಿ ಸೇರಿಸಬೇಕಿತ್ತು. ಪ್ರಿನ್ಸಿಪಾಲರ ಕೋಣೆ. ಮೇಜಿನ ಒಂದು ಕಡೆ ಪ್ರಿನ್ಸಿಪಾಲರು, ಪಕ್ಕದಲ್ಲಿ ಮೇಡಂ. ಎದುರಿಗೆ ಹುಡುಗಿ ನಿಂತಿದ್ದಳು. ಚಹಾ ಕೊಡಲು ಹೋದ ನನ್ನನ್ನು, “ನೀವೂ ಇರ್ರಿ” ಎಂದು ಪ್ರಿನ್ಸಿಪಾಲರು ನಿಲ್ಲಿಸಿಕೊಂಡರು. ಮುದ್ರೆ ಒಡೆದ ಲಕೋಟೆಯಿಂದ ಅವಳ ಕ್ಯಾಲ್ಕ್ಯುಲೇಟರ್ ಮೇಜಿನ ಮೇಲೆ ಬಂದಿತ್ತು.

ಹುಡುಗಿ ತನ್ನ ವಿವರಣೆಯನ್ನು ಎರಡು ಪುಟ ಬರೆದು ತಂದಿದ್ದಳು. ಮೇಡಂ ಗಟ್ಟಿಯಾಗಿ ಓದಿದರು. ಬಾಗಿಲಲ್ಲಿ ಒತ್ತಿದ ಗುಂಡಿಗಳು ಎಂಎಸ್ ಮಾದರಿಯವು. ಇಎಸ್‌ನಲ್ಲಿ ಅವು ನೆನಪನ್ನು ಅಳಿಸದೆ ಯಂತ್ರವನ್ನು ಡಿಗ್ರಿಗೆ ಬದಲಿಸುತ್ತವೆ. ತನ್ನ ಮೊದಲ ಪುಟದಲ್ಲಿ ಹೊಡೆದು ಹಾಕಿದ 0.0274 ಹಾಗೆ ಬಂದದ್ದು. ಯಂತ್ರದಲ್ಲಿದ್ದ ಆರು ಸಂಖ್ಯೆಗಳು ಹಿಂದಿನ ದಿನ ಅಭ್ಯಾಸದ ಲೆಕ್ಕಗಳಿಂದ ಉಳಿದವು.

ಪ್ರಿನ್ಸಿಪಾಲರು ನಕ್ಕರು. “ಇಪ್ಪತ್ತೆರಡ ವರ್ಷ ಬಾಗಲ ಕಾದ ಮನಷ್ಯಾನ ಮ್ಯಾಲೆ ಹಾಕ್ತೀ ಏನವ್ವ? ಅವರ ಹೇಳಿಕಿ ಇಲ್ಲೇ ಅದ, ಸಹಿ ಮಾಡ್ಯಾರ.”

“ಸಹಿ ಮಾಡಿದ್ರ ಗುಂಡಿ ಬದಲಾಗಂಗಿಲ್ರಿ ಸರ್” ಎಂದಳು ಹುಡುಗಿ.

“ಮಾತ ನೋಡು.”

ಮೇಡಂ ಕೈ ಎತ್ತಿ ಇಬ್ಬರನ್ನೂ ಸುಮ್ಮನಾಗಿಸಿದರು. ಲಕೋಟೆಯ ಯಂತ್ರವನ್ನು ಮುಟ್ಟಲಿಲ್ಲ. ತಮ್ಮ ಚೀಲದಿಂದ ಅದೇ ಮಾದರಿಯ ಇನ್ನೊಂದನ್ನು ತೆಗೆದರು. ಏಳು ಒತ್ತಿ, ಅದನ್ನು ‘ಎ’ಯಲ್ಲಿ ಇಟ್ಟರು. ಆರ್‌ಸಿಎಲ್ ಒತ್ತಿ ಏಳು ಇರುವುದನ್ನು ನಮಗೆಲ್ಲ ತೋರಿಸಿದರು. ನನ್ನ ಕಡೆ ಚಾಚಿದರು.

“ನೀವು ಬಾಗಿಲಲ್ಲಿ ಹೇಗೆ ಒತ್ತುತ್ತೀರೋ ಹಾಗೆಯೇ ಒತ್ತಿ ಕೊಡಿ.”

ಅದನ್ನು ಕೈಯಲ್ಲಿ ಹಿಡಿದ ಗಳಿಗೆಯನ್ನು ನಾನು ಬರೆಯಲೇಬೇಕು. ಆಗ ನನಗೆ ಎರಡು ದಾರಿಯೂ ಬರುತ್ತಿದ್ದವು. ಒಂಬತ್ತು ಒತ್ತಿದರೆ ‘ರಿಸೆಟ್ ಆಲ್’ ಬರುತ್ತದೆ, ಏಳು ಹೋಗುತ್ತದೆ, ಹುಡುಗಿ ಸುಳ್ಳುಗಾರ್ತಿಯಾಗುತ್ತಾಳೆ, ನನ್ನ ಹೆಸರು ಮೊದಲಿಗಿಂತ ಹೆಚ್ಚು ಹೊಳೆಯುತ್ತದೆ. ಹೆಬ್ಬೆರಳು ಒಂಬತ್ತರ ಕಡೆಗೆ ಹೊರಟಿದ್ದೂ ಉಂಟು. ವಾರದಿಂದ ಅದಕ್ಕೆ ಅದೇ ರೂಢಿಯಾಗಿತ್ತು. ಹುಡುಗಿ ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಬೆರಳು ನೋಡುತ್ತಿದ್ದಳು. ಅವಳಿಗೂ ಎರಡು ದಾರಿ ಗೊತ್ತಿದ್ದವು.

ಶಿಫ್ಟ್. ಮೋಡ್. ಮೂರು. ಈಕ್ವಲ್.

ಮೇಡಂ ಕೈಗೆ ಕೊಟ್ಟೆ. ಅವರು ಆರ್‌ಸಿಎಲ್, ‘ಎ’ ಒತ್ತಿದರು. ಏಳು ಹಾಗೆಯೇ ಇತ್ತು. ಪರದೆಯ ಮೂಲೆಯಲ್ಲಿ ಡಿಗ್ರಿಯ ‘ಡಿ’ ಕೂತಿತ್ತು.

“ಸರ್,” ಎಂದೆ, “ಆ ಸಹಿ ಸುಳ್ಳದ. ಸಹಿ ಮಾಡೂಕಿಂತ ಮೊದಲೇ ನನಗ ಗೊತ್ತಾಗಿತ್ತು. ಅಂದೇ ಸಂಜೀಕ ಗೊತ್ತಾಗ್ಯದ. ಮರದಿನದಿಂದ ಖರೇ ಗುಂಡಿ ಒತ್ತಾಕತ್ತೀನಿ, ಯಾರಿಗೂ ಹೇಳಿಲ್ಲ. ಈ ಒಬ್ಬ ಹುಡಗೀದಲ್ರಿ, ನಾಕ ವರ್ಷದಾಗ ಇಎಸ್ ಹಿಡದ ಬಂದ ಒಬ್ಬರದೂ ನಾ ಅಳಸಿಲ್ಲ.”

ಪ್ರಿನ್ಸಿಪಾಲರ ಮುಖ ಕೆಂಪಾಯಿತು. “ಈಗ ಈಕಿನ್ನ ಉಳಸಲಿಕ್ಕ ಹೇಳಾಕತ್ತೀರೇನ್?”

“ಚಿತ್ತಾಪುರದ ಹುಡುಗನ್ನ ಕೇಳ್ರಿ. ಮೊದಲ ಬರೇ ಡಿಗ್ರಿ ಆಗ್ತಿತ್ತು, ಈಗ ಉತ್ತರ ಭಿನ್ನರಾಶಿನ್ಯಾಗ ಬರ್ತದ ಅಂತ ಅವನೇ ಅಂದಾನ.”

ಆ ಹುಡುಗನನ್ನು ಕರೆಸಿದರು. ಇನ್ನೂ ಮೂವರನ್ನು ಕರೆಸಿ ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೇಳಿದರು. ಎಲ್ಲರೂ ಅದನ್ನೇ ಹೇಳಿದರು. ಗುಂಡಿ ಬದಲಾದ ದಿನವನ್ನೂ ಎಲ್ಲರೂ ಒಂದೇ ಹೇಳಿದರು. ಆಮೇಲೆ ಮೇಡಂ ಹುಡುಗಿಯ ಮೊದಲ ಪುಟವನ್ನು ತರಿಸಿಕೊಂಡು, ಹೊಡೆದು ಹಾಕಿದ ಸಾಲಿನ ಲೆಕ್ಕವನ್ನು ತಮ್ಮ ಯಂತ್ರದಲ್ಲಿ ತಾವೇ ಮಾಡಿದರು. ಡಿಗ್ರಿಯಲ್ಲಿ: 0.0274. ರೇಡಿಯನ್‌ಗೆ ಬದಲಿಸಿ ಮಾಡಿದರು: ಒಂದು. ಇದರಿಂದ ಎಲ್ಲವೂ ಸಾಬೀತಾಗುವುದಿಲ್ಲ, ಸರಿಯಾಗಿ ಅಳಿಸಿದ್ದರೂ ಡಿಗ್ರಿಗೇ ಬರುತ್ತಿತ್ತು ಎಂದು ಅವರೇ ಹೇಳಿದರು. ಆದರೆ ನನ್ನ ಬೆರಳು, ನಾಲ್ವರ ಮಾತು, ಈ ಸಾಲು ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು.

“314 ಯಾಕೆ ಇಟ್ಟಿದ್ದೆ?” ಎಂದು ಕೇಳಿದರು.

“ಐವತ್ತು ಹರ್ಟ್ಜ್‌ಗೆ ಅದೇ ಬೇಕಾಗ್ತದ್ರಿ ಮೇಡಂ. ಎರಡು ಪೈ ಇಂಟು ಐವತ್ತು. ಇದನ್ನ ಕದಿಯೋದು ಏನದ, ಬಾಯಾಗೇ ಅದ.”

ಮೇಡಂ ಮೊದಲ ಸಲ ನಕ್ಕರು. ಪ್ರಿನ್ಸಿಪಾಲರನ್ನು ನೋಡಿ, “ಸರ್, ಬಾಗಿಲಿನ ತಪ್ಪನ್ನು ಹುಡುಗಿಯ ಮೇಲೆ ಹಾಕಿ ನಾನು ವರದಿ ಬರೆಯಲಾರೆ” ಎಂದರು.

ಕೋಣೆಯಿಂದ ಹೊರಗೆ ಬಂದಾಗ ಹುಡುಗಿ ನನ್ನ ಹಿಂದೆಯೇ ಬಂದಳು. ವರಾಂಡದಲ್ಲಿ ನಿಂತೆ. 

“ಒಂಬತ್ತ ಒತ್ತತೀರಿ ಅಂತ ತಿಳದಿದ್ದೆ ಕಾಕಾ” ಎಂದಳು.

“ನಾನೂ ಹಂಗೇ ತಿಳದಿದ್ದೆ ತಂಗಿ.”

“ಒತ್ತಿದ್ರ ನಾ ಬಿಡ್ತಿದ್ದಿಲ್ಲ. ಕಲಬುರಗಿ ಯುನಿವರ್ಸಿಟಿ ಆಫೀಸಿನ ತನಕ ಹೋಗ್ತಿದ್ದೆ. ಎಂಟ ದಿನ ತಡಾ ಮಾಡಿದ್ರಿ. ಎಂಟ ದಿನ ನಾ ನಿದ್ದಿ ಮಾಡಿಲ್ಲ” ಎಂದಳು. ಬೈಗುಳವಾಗಿ ಹೇಳಲಿಲ್ಲ. ಲೆಕ್ಕದಲ್ಲಿ ಬಿಟ್ಟುಹೋದ ಅಂಕಿಯನ್ನು ಸೇರಿಸಿದಂತೆ ಹೇಳಿದಳು. 

ನನಗೆ ಮೆಮೊ ಬಂತು. ಸೇವಾ ಪುಸ್ತಕದಲ್ಲಿ ಬರೆದರು. ಬರೆಯಬೇಕಾದದ್ದೇ. ಎರಡು ತಿಂಗಳ ಮೇಲೆ ವಿಶ್ವವಿದ್ಯಾಲಯದಿಂದ ಪತ್ರ ಬಂತು: ಪ್ರಕರಣ ಕೈಬಿಡಲಾಗಿದೆ, ಎರಡನೆಯ ಉತ್ತರ ಪತ್ರಿಕೆಯನ್ನು ಮೌಲ್ಯಮಾಪನ ಮಾಡಲಾಗುವುದು. ಫಲಿತಾಂಶ ಬಂದ ದಿನ ನಾನು ನೋಟಿಸ್ ಬೋರ್ಡಿಗೆ ಹಾಳೆ ಚುಚ್ಚುತ್ತಿದ್ದೆ. ಹುಡುಗಿಯರ ಗುಂಪು ಕೂಗುತ್ತ ಓಡಿ ಬಂತು. ಎಲ್ಲ ಪೇಪರ್ ಪಾಸು. ಆ ಪೇಪರಿನಲ್ಲಿ, ಕಾಲು ಗಂಟೆಗಿಂತ ಹೆಚ್ಚು ಕಳೆದುಕೊಂಡು, ಎರವಲು ಯಂತ್ರದಲ್ಲಿ ಬರೆದ ಆ ಪೇಪರಿನಲ್ಲಿ, ತರಗತಿಗೆ ಅವಳೇ ಮೊದಲು. ಚಿತ್ತಾಪುರದ ಹುಡುಗ ತನ್ನ ಫೋನ್ ನನ್ನ ಮೂಗಿನ ಮುಂದೆ ಹಿಡಿದು, “ನೋಡ್ರಿ ಕಾಕಾ, ನಿಮ್ಮ ಕೇಸಿನ ಮಾರ್ಕ್ಸ್” ಎಂದ. ನಾನು ಚುಚ್ಚುಪಿನ್ನುಗಳ ಡಬ್ಬಿ ಕೆಳಗೆ ಬೀಳಿಸಿದೆ. ಎಲ್ಲರೂ ಬಗ್ಗಿ ಆರಿಸಿಕೊಟ್ಟರು. ಅವಳೂ ಆರಿಸಿದಳು.

ಬೇಸಿಗೆಯ ಪರೀಕ್ಷೆಗೆ ನನ್ನನ್ನು ಬಾಗಿಲಿನಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ಪ್ರಿನ್ಸಿಪಾಲರು ತೆಗೆಯಲಿಲ್ಲ. “ಈ ತಪ್ಪ ಇನ್ನ ಯಾರ ಮಾಡಿದ್ರೂ ನೀವ್ ಮಾಡಂಗಿಲ್ಲ” ಎಂದರು. ಆದರೆ ಕ್ರಮ ಬದಲಾಯಿಸಿದೆವು. ಅದರಲ್ಲಿ ಅರ್ಧ ಆ ಹುಡುಗಿ ಹೇಳಿದ್ದು, ಅರ್ಧ ನಾನು ಹೇಳಿದ್ದು. ಸುತ್ತೋಲೆಯ ಪಕ್ಕದಲ್ಲಿ ದೊಡ್ಡ ಅಕ್ಷರದ ಹಲಗೆ: ಎಂಎಸ್ ಆದರೆ ಈ ಗುಂಡಿ, ಇಎಸ್ ಆದರೆ ಈ ಗುಂಡಿ. ಒತ್ತುವುದು ನಾನಲ್ಲ, ವಿದ್ಯಾರ್ಥಿ. ನಾನು ಬೆರಳು ನೋಡುವುದಿಲ್ಲ, ಪರದೆ ಓದುತ್ತೇನೆ. ‘ರಿಸೆಟ್ ಆಲ್’ ಕಾಣುವ ತನಕ ಒಳಗೆ ಬಿಡುವುದಿಲ್ಲ. ಆಮೇಲೆ ಆರ್‌ಸಿಎಲ್ ಒತ್ತಿ ‘ಎ’ ಸೊನ್ನೆ ಎಂದು ತೋರಿಸಬೇಕು. ಬಾಗಿಲ ಒಳಗಡೆ ಶಹಾಬಾದ ಕಲ್ಲಿನ ಒಂದು ಉದ್ದನೆಯ ಕಟ್ಟೆ ಇದೆ. ಅಲ್ಲಿ ನಿಂತು ರೇಡಿಯನ್ ಬೇಕಾದವರು ರೇಡಿಯನ್‌ಗೆ, ಉತ್ತರ ಭಿನ್ನರಾಶಿಯ ಬದಲು ದಶಾಂಶದಲ್ಲಿ ಬೇಕಾದವರು ಅದಕ್ಕೆ ಬದಲಿಸಿಕೊಂಡು ಮುಂದೆ ಹೋಗಬೇಕು. ಅದಕ್ಕೆಂದೇ ಸಾಲನ್ನು ಹತ್ತು ನಿಮಿಷ ಮೊದಲು ಬಿಡತೊಡಗಿದೆವು.

ಸಾಲು ನಿಧಾನವಾಯಿತು. ಮೊದಲಿನ ವೇಗ ಇಲ್ಲ. ನನಗೇನೂ ಬೇಸರವಾಗಲಿಲ್ಲ. ಮೊದಲ ದಿನವೇ ಒಬ್ಬನ ಯಂತ್ರ ಪಟ್ಟಿಯಲ್ಲಿಲ್ಲದ್ದು ಸಿಕ್ಕಿತು. ಮೋಡ್ ಒತ್ತಿದರೆ ಪಟ್ಟಿಯಲ್ಲಿ ಪ್ರೋಗ್ರಾಂ ಎಂದು ಬರುತ್ತಿತ್ತು. ಓದಿದ್ದರಿಂದ ಸಿಕ್ಕಿತು. ಹಳೆಯ ಬೆರಳಾಗಿದ್ದರೆ ಒಳಗೆ ಹೋಗುತ್ತಿತ್ತು. ಚಿಂಚೋಳಿಯಿಂದ ಬಂದ ಮೇಲ್ವಿಚಾರಕರೊಬ್ಬರು ಹಲಗೆಯ ಫೋಟೊ ತೆಗೆದುಕೊಂಡು ಹೋದರು. ಮುಂದಿನ ಪೇಪರಿಗೆ ಬಂದಾಗ ತಮ್ಮ ಕಾಲೇಜಿನಲ್ಲೂ ಹಾಕಿದ್ದೇವೆ ಎಂದರು.

ನನ್ನ ನೌಕರಿಯ ಕೊನೆಯ ಪರೀಕ್ಷೆಯ ಕೊನೆಯ ದಿನ. ಆರನೇ ಸೆಮಿಸ್ಟರ್ ಎಲೆಕ್ಟ್ರಿಕಲ್. ಬಾಗಿಲು ತೆಗೆದೆ. ಸಾಲಿನಲ್ಲಿದ್ದವರೆಲ್ಲ ಏನೋ ಗುಸುಗುಸು ಮಾಡಿಕೊಂಡರು. ನಾನು ಕನ್ನಡಕ ಏರಿಸಿದೆ. ನೋಡಿದರೆ ಅರವತ್ತು ಮಂದಿಯೂ ಕ್ಯಾಲ್ಕ್ಯುಲೇಟರನ್ನು ತಲೆಯ ಮೇಲೆ ಎತ್ತಿ ನನ್ನ ಕಡೆ ತಿರುಗಿಸಿ ಹಿಡಿದಿದ್ದರು. ಅರವತ್ತು ಪರದೆಗಳ ಮೇಲೆ ಅದೇ ಎರಡು ಪದ. ಆ ದೂರದಿಂದ ನನಗೆ ಅಕ್ಷರ ಕಾಣಲಿಲ್ಲ. ಆದರೂ ಬಿಡಲಿಲ್ಲ, ಒಬ್ಬೊಬ್ಬರದೇ ಹತ್ತಿರ ತರಿಸಿ ಓದಿದೆ.

ಅವಳ ಸರದಿ ಬಂತು. ಲಕೋಟೆಯಿಂದ ಬಿಡುಗಡೆಯಾಗಿ ಬಂದ ಅದೇ ಹಳೆಯ ಯಂತ್ರ. ಗಟ್ಟಿಯಾಗಿ ಓದಿದೆ: “ರಿಸೆಟ್ ಆಲ್.” ಎಸಿ ಒತ್ತಿ, ಆರ್‌ಸಿಎಲ್ ಒತ್ತಿ ‘ಎ’ ತೋರಿಸಿದಳು. “ಸೊನ್ನಿ” ಎಂದೆ.

“ಖರೇ ಸೊನ್ನಿ ಏನ್ರಿ?”

“ಖರೇ ಅದ. ಒಳಗ ನಡಿ.”

ಕಟ್ಟೆಯ ಹತ್ತಿರ ನಿಂತು ಶಿಫ್ಟ್, ಮೋಡ್ ಒತ್ತಿದಳು. ಬೆರಳು ಮೂರರ ಮೇಲೆ ಒಂದು ಗಳಿಗೆ ನಿಲ್ಲಿಸಿ, ನನ್ನ ಕಡೆ ನೋಡಿ ನಕ್ಕು, ನಾಲ್ಕು ಒತ್ತಿದಳು. ಪರದೆಯ ಮೂಲೆಯಲ್ಲಿ ಡಿಗ್ರಿಯ ‘ಡಿ’ ಹೋಗಿ ರೇಡಿಯನ್ನಿನ ‘ಆರ್’ ಬಂತು. ಗಂಟೆ ಹೊಡೆಯಿತು. ನಾನು ಬಾಗಿಲು ಮುಚ್ಚಿ ಹೊರಗೆ ಕುರ್ಚಿ ಹಾಕಿಕೊಂಡು ಕೂತೆ. ಮುಂದಿನ ಮೂರು ಗಂಟೆಯಲ್ಲಿ ಯಾವ ಜೀಪು ಬಂದರೂ ಬರಲಿ ಎಂದು ಆರಾಮಾಗಿ ಕೂತೆ.